ಫೋನಿನ ‘ಸಿಸ್ಟಂ’ ಖಾತೆಯಲ್ಲಿ 32 ಜಿಬಿ: ಲೆಕ್ಕ ಬಿಡಿಸುವುದು ಹೇಗೆ

ಮೆಕ್ಕೆಜೋಳದ ಸುಗ್ಗಿ ಜೋರಾಗಿದ್ದ ದಿನಗಳಲ್ಲಿ ನನ್ನ ಸೋದರಮಾವ ಫೋನ್ ಹಿಡಿದುಕೊಂಡು ಮನೆಗೆ ಬಂದರು. ಅವರದು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ದಲ್ಲಾಳಿ ಅಂಗಡಿ. ಲಾರಿಯ ತೂಕದ ಚೀಟಿಯ ಫೋಟೊ ತೆಗೆಯಲು ಹೋದರೆ ‘ಜಾಗವಿಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು. ಅಂಗಡಿಯ ಹುಡುಗನೊಬ್ಬ ಹಳೆಯ ಫೋಟೊಗಳನ್ನೆಲ್ಲ ಅಳಿಸಿಕೊಟ್ಟಿದ್ದ. ಎರಡೇ ದಿನಕ್ಕೆ ಮತ್ತೆ ಅದೇ ಎಚ್ಚರಿಕೆ.

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಪರದೆ ತೆರೆದು ನೋಡಿದೆ. ಒಟ್ಟು 64 ಜಿಬಿ, ಬಳಕೆಯಾದದ್ದು 61.2. ಅದರಲ್ಲಿ ಆ್ಯಪ್‌ಗಳು 14.1, ಚಿತ್ರಗಳು 5.2, ವಿಡಿಯೊಗಳು 6.8, ಧ್ವನಿ 0.6, ದಾಖಲೆ ಮತ್ತಿತರ ಕಡತಗಳು 2.3. ಕೊನೆಯ ಸಾಲಿನಲ್ಲಿ ಬೂದು ಬಣ್ಣದಲ್ಲಿ ‘ಸಿಸ್ಟಂ’ ಎಂದಿತ್ತು. ಅದರ ಮುಂದೆ 32.2 ಜಿಬಿ.

"ಅರ್ಧ ಫೋನು ಅದೇ ತಿಂದಿದೆಯಲ್ಲಪ್ಪಾ. ವೈರಸ್ಸೇನಾದರೂ ಹೊಕ್ಕಿದೆಯಾ?" ಎಂದರು ಮಾವ.

ವೈರಸ್ ಇರಲಿಲ್ಲ. ಆ 32.2ರಲ್ಲಿ ಏನೇನಿತ್ತು, ಒಂದೊಂದನ್ನೂ ಹೇಗೆ ಹುಡುಕಿದೆವು, ಎಷ್ಟು ವಾಪಸು ಬಂತು, ಎಷ್ಟು ಬರಲಿಲ್ಲ ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಇದು ಆಂಡ್ರಾಯ್ಡ್ ಫೋನಿನ ಕಥೆ. ಐಫೋನಿನವರಿಗೆ ಕೊನೆಯ ಕಡೆ ಒಂದಿಷ್ಟು ಹೇಳಿದ್ದೇನೆ.

ಮೊದಲು ಆ ಸಾಲಿನ ಗುಟ್ಟು

ಚಿತ್ರಗಳು 5.2 ಎಂದು ಫೋನ್ ತೋರಿಸಿದರೆ ಅದು ಚಿತ್ರಗಳನ್ನು ಕೂಡಿಸಿ ಬಂದ ಸಂಖ್ಯೆ. ಆ್ಯಪ್‌ಗಳದ್ದೂ ಹಾಗೆಯೇ. ಸಿಸ್ಟಂ ಮಾತ್ರ ಹಾಗಲ್ಲ, ಅದನ್ನು ಯಾರೂ ಅಳೆಯುವುದಿಲ್ಲ. ಒಟ್ಟು ಬಳಕೆಯಿಂದ ಮಿಕ್ಕ ಎಲ್ಲ ಸಾಲುಗಳನ್ನು ಕಳೆದು, ಉಳಿದದ್ದನ್ನು ಸಿಸ್ಟಂ ಎಂದು ಬರೆಯಲಾಗುತ್ತದೆ. ಆಂಡ್ರಾಯ್ಡ್‌ನ ಮೂಲ ಸಂಕೇತ ಯಾರು ಬೇಕಾದರೂ ಓದಬಹುದಾದದ್ದು. ಸ್ಟೋರೇಜ್ ಪರದೆಯ ಭಾಗದಲ್ಲಿ ಅದನ್ನು ಬರೆದವರೇ ಟಿಪ್ಪಣಿ ಹಾಕಿದ್ದಾರೆ: ಬೇರೆ ಯಾವ ಲೆಕ್ಕಕ್ಕೂ ಸೇರದೆ ಉಳಿದದ್ದೆಲ್ಲ ಸಿಸ್ಟಂಗೆ ಸೇರಿದ್ದು ಎಂದು ಹಿಡಿಯಲಾಗಿದೆ.

ಮಾವನಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಸಂಜೆ ಗಲ್ಲಾಪೆಟ್ಟಿಗೆಯ ಹಣ ಕಿರ್ದಿಗೆ ತಾಳೆಯಾಗದಿದ್ದರೆ ಕಡಿಮೆ ಬಿದ್ದ ಮೊತ್ತವನ್ನು ಅವರು ‘ಚಿಲ್ಲರೆ ಖರ್ಚು’ ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ಸಿಸ್ಟಂ ಎಂಬುದು ಫೋನಿನ ಚಿಲ್ಲರೆ ಖರ್ಚು. ಆ ಸಾಲು ಐವತ್ತು ರೂಪಾಯಿ ಇದ್ದರೆ ಯಾರೂ ಕೇಳುವುದಿಲ್ಲ, ಐದು ಸಾವಿರವಾದರೆ ಹಮಾಲಿಯನ್ನೋ ಲಾರಿ ಬಾಡಿಗೆಯನ್ನೋ ಬರೆಯುವುದು ಬಿಟ್ಟುಹೋಗಿದೆ ಎಂದರ್ಥ. ಇಲ್ಲಿಯೂ ನಾವು ಹುಡುಕಬೇಕಾದದ್ದು ಬರೆಯಲು ಬಿಟ್ಟುಹೋದ ಬಾಬ್ತುಗಳನ್ನು. ‘ಸಿಸ್ಟಂ’ ಎಂಬ ಫೋಲ್ಡರನ್ನು ಹುಡುಕಹೊರಟರೆ ಸಿಗುವುದಿಲ್ಲ.

ಈ ಪರದೆಯಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಸಂಖ್ಯೆ ಖಾಲಿ ಜಾಗದ್ದು. ಅದನ್ನು ಕಡತ ವ್ಯವಸ್ಥೆಯೇ ನೇರವಾಗಿ ಹೇಳುತ್ತದೆ. ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯಲ್ಲೂ ಎರಡನ್ನು ಗುರುತು ಹಾಕಿಕೊಳ್ಳಿ: ಖಾಲಿ ಜಾಗ ಎಷ್ಟು, ಸಿಸ್ಟಂ ಎಷ್ಟು. ಸಿಸ್ಟಂ ಇಳಿದು ಖಾಲಿ ಜಾಗ ಏರದಿದ್ದರೆ ನೀವು ಏನನ್ನೂ ಗಳಿಸಿಲ್ಲ, ಒಂದು ಸಾಲಿನ ಅಂಕಿ ಇನ್ನೊಂದಕ್ಕೆ ಜರುಗಿದೆ ಅಷ್ಟೆ. ನಾನು ಪರದೆಯ ಚಿತ್ರ ತೆಗೆದುಕೊಂಡೆ. ಮಾವ ತಮ್ಮ ಜೇಬಿನ ಚೀಟಿಯಲ್ಲಿ ಬರೆದುಕೊಂಡರು: ಖಾಲಿ 2.8, ಸಿಸ್ಟಂ 32.2.

ಹೆಜ್ಜೆ 1: ಎಂದೂ ವಾಪಸು ಬಾರದ ಪಾಲು ಎಷ್ಟು?

ಆಂಡ್ರಾಯ್ಡ್ ತಂತ್ರಾಂಶ, ಕಂಪನಿ ತನ್ನ ಕಡೆಯಿಂದ ಹಾಕಿದ್ದು, ಫೋನ್ ಶುರುವಾಗಲು ಬೇಕಾದ ಸಣ್ಣಪುಟ್ಟ ವಿಭಾಗಗಳು, ಇವಕ್ಕೆಲ್ಲ ಕಾರ್ಖಾನೆಯಲ್ಲೇ ಜಾಗ ಕತ್ತರಿಸಿಟ್ಟಿರುತ್ತಾರೆ. ಮಿಕ್ಕದ್ದು ಬಳಕೆದಾರನ ವಿಭಾಗ. ಫೋಟೊ, ಆ್ಯಪ್, ಸಂದೇಶ ಎಲ್ಲವೂ ಇರುವುದು ಅಲ್ಲಿಯೇ, ಅದರ ಹೆಸರು `/data`. ಆ ವಿಭಾಗದ ಗಾತ್ರ ತಿಳಿದರೆ 64ರಿಂದ ಅದನ್ನು ಕಳೆದು, ಕೈಗೆ ಸಿಗದ ಪಾಲು ಎಷ್ಟೆಂದು ಖಚಿತವಾಗಿ ಹೇಳಬಹುದು.

ಇದಕ್ಕೆ ಕಂಪ್ಯೂಟರ್ ಬೇಕು. ಗೂಗಲ್ ಉಚಿತವಾಗಿ ಕೊಡುವ `platform-tools` ಎಂಬ ಪುಟ್ಟ ಕಂತೆಯನ್ನು ಇಳಿಸಿಕೊಳ್ಳಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ `adb` ಅದರಲ್ಲಿರುತ್ತದೆ. ಫೋನಿನಲ್ಲಿ ‘ಫೋನ್ ಕುರಿತು’ ಪುಟಕ್ಕೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿ, ಕೇಬಲ್ ಸಿಕ್ಕಿಸಿ, ಫೋನಿನಲ್ಲಿ ಬರುವ ಅನುಮತಿಯ ಪ್ರಶ್ನೆಗೆ ಒಪ್ಪಿಗೆ ಕೊಡಿ. ಕೆಲಸ ಮುಗಿದ ಮೇಲೆ ಡೆವಲಪರ್ ಆಯ್ಕೆಗಳನ್ನು ಮುಚ್ಚಲು ಮರೆಯಬೇಡಿ. ಅದು ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಮಾವನ ಆ್ಯಪ್ ಮರುದಿನ ಬೆಳಿಗ್ಗೆ ಹಾಗೆಯೇ ಮುನಿಸಿಕೊಂಡಿತ್ತು, ರೈತರಿಗೆ ಹಣ ಹಾಕಬೇಕಾದ ಹೊತ್ತಿನಲ್ಲಿ ನನಗೆ ಬೈಗುಳ ತಿನ್ನಿಸಿತು. ಫೋನ್ ಒಪ್ಪಿಕೊಂಡ ಮೇಲೆ ಕಂಪ್ಯೂಟರಿನ ಟರ್ಮಿನಲ್ ಕಿಟಕಿಯಲ್ಲಿ ಈ ಆಜ್ಞೆಯನ್ನು ಬರೆಯಿರಿ:

```
adb shell df /data
```

ನಮಗೆ ಸಿಕ್ಕ ಉತ್ತರ ಹೀಗಿತ್ತು:

```
Filesystem       1K-blocks     Used Available Use% Mounted on
/dev/block/dm-48  50790400 48056024   2734376  95% /data
```

ಮೊದಲ ಸಂಖ್ಯೆ 1,024 ಬೈಟುಗಳ ತುಣುಕುಗಳಲ್ಲಿದೆ. 5,07,90,400 ಅನ್ನು 1,024ರಿಂದ ಗುಣಿಸಿದರೆ ಸುಮಾರು 5,200 ಕೋಟಿ ಬೈಟು, ಅಂದರೆ 52.0 ಜಿಬಿ. 64ರಲ್ಲಿ 52 ಕಳೆದರೆ ಉಳಿಯುವುದು 12.0. ಈ 12 ಜಿಬಿಯನ್ನು ಏನು ಮಾಡಿದರೂ ಬಿಡಿಸಿಕೊಳ್ಳಲಾಗದು, ಅದರ ಆಸೆಯನ್ನು ಇಲ್ಲಿಯೇ ಬಿಟ್ಟುಬಿಡಿ. ಇದರಲ್ಲಿ ನಿಜವಾದ ತಂತ್ರಾಂಶದ ಜೊತೆಗೆ ಒಂದಿಷ್ಟು ಗಾಳಿಯೂ ಸೇರಿದೆ: ಪರದೆಯ ಮೇಲಿನ ‘64’ ಕೂಡ ಅಳೆದದ್ದಲ್ಲ. ಚಿಪ್ಪಿನ ನಿಜವಾದ ಗಾತ್ರ ಸ್ವಲ್ಪ ಕಡಿಮೆಯಿದ್ದರೂ ಫೋನ್ ಅದನ್ನು 32, 64, 128 ಎಂಬ ಮುಂದಿನ ಮೆಟ್ಟಿಲಿಗೆ ಏರಿಸಿ ತೋರಿಸುತ್ತದೆ. ಹಾಗೆ ಏರಿಸಿದ ವ್ಯತ್ಯಾಸವೂ ಸಿಸ್ಟಂನ ತಲೆಗೇ ಬರುತ್ತದೆ.

ಇಲ್ಲಿ ಒಂದು ಗುಂಡಿಯಿದೆ, ನಾನೇ ಮೊದಲು ಅದರಲ್ಲಿ ಬಿದ್ದಿದ್ದೆ. ಇದೇ ಆಜ್ಞೆಗೆ `-h` ಸೇರಿಸಿದರೆ ಗುಣಾಕಾರದ ಗೋಜಿಲ್ಲದೆ ಸಲೀಸಾಗಿ `48G` ಎಂದು ಬರುತ್ತದೆ. 64ರಿಂದ 48 ಕಳೆದು ಕೈಗೆ ಸಿಗದ ಪಾಲು 16 ಎಂದು ಬರೆದುಕೊಂಡೆ. ನಾಲ್ಕು ಜಿಬಿ ತಪ್ಪು! ಕಾರಣ, ಒಂದು ಕಡೆ ಜಿಬಿ ಎಂದರೆ ನೂರು ಕೋಟಿ ಬೈಟು, ಇನ್ನೊಂದು ಕಡೆ 1,024ರ ಲೆಕ್ಕದಲ್ಲಿ ಸುಮಾರು 107 ಕೋಟಿ ಬೈಟು. ಒಂದೂರಿನ ಸೇರಿನಲ್ಲಿ ಕೊಂಡು ಇನ್ನೊಂದೂರಿನ ಸೇರಿನಲ್ಲಿ ಮಾರಿದ ಹಾಗೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದೀಚೆಗೆ ಮೂಲ ಆಂಡ್ರಾಯ್ಡ್ ಸಾವಿರದ ಲೆಕ್ಕದಲ್ಲೇ ತೋರಿಸುತ್ತದೆ, ಆದರೆ ಕೆಲವು ಕಂಪನಿಗಳು ತಮ್ಮ ಪರದೆಯಲ್ಲಿ 1,024ರ ಲೆಕ್ಕವನ್ನೇ ಉಳಿಸಿಕೊಂಡಿವೆ.

ಪೆಟ್ಟಿಗೆಯ ಮೇಲಿನ ಗಾತ್ರ ಸಾವಿರದ ಲೆಕ್ಕದ್ದು, ಒಳಗಿನ ಸಾಲುಗಳು 1,024ರದ್ದು ಆದರೆ ಆ ವ್ಯತ್ಯಾಸ ಎಲ್ಲಿ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. 64 ಜಿಬಿ ಫೋನಿನಲ್ಲಿ ಅದು 4.4. 256ರದ್ದರಲ್ಲಿ 17.6. 512ರದ್ದರಲ್ಲಿ 35ಕ್ಕೂ ಹೆಚ್ಚು. ದುಬಾರಿ ಫೋನ್ ಕೊಂಡವರು ಮೊದಲ ದಿನವೇ ಸಿಸ್ಟಂ ಅರವತ್ತು ಜಿಬಿ ಎಂದು ಕಂಗಾಲಾಗುವುದರ ಹಿಂದೆ ಹಲವು ಸಲ ಇದೇ ಇರುತ್ತದೆ. ಅಲ್ಲಿ ಅಳಿಸಲು ಏನೂ ಇಲ್ಲ, ಅದು ಕೇವಲ ಅಳತೆಗೋಲಿನ ನೆರಳು. ನಿಮ್ಮ ಪರದೆ ಯಾವ ಲೆಕ್ಕದ್ದು ಎಂದು ತಿಳಿಯಲು ಖಾಲಿ ಜಾಗದ ಅಂಕಿಯನ್ನು ಹೋಲಿಸಿ. ನಮ್ಮ `Available` ಸಾಲಿನ 27,34,376 ಅನ್ನು 1,024ರಿಂದ ಗುಣಿಸಿದರೆ ಸಾವಿರದ ಲೆಕ್ಕದಲ್ಲಿ 2.8, 1,024ರ ಲೆಕ್ಕದಲ್ಲಿ 2.6. ಪರದೆ 2.8 ಎಂದಿತ್ತು. ಹಾಗಾಗಿ ಮಾವನ ಫೋನ್ ಸಾವಿರದ ಲೆಕ್ಕದ್ದು, 12.0 ಎಂಬುದೇ ಸರಿ.

ಕಂಪ್ಯೂಟರ್ ಇಲ್ಲದವರು ಈ ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ನಾನು ನೋಡಿದ 64 ಜಿಬಿ ಫೋನ್‌ಗಳಲ್ಲಿ ಸಿಸ್ಟಂ 12ರಿಂದ 17ರ ಆಸುಪಾಸಿನಲ್ಲಿದ್ದರೆ ತಲೆಕೆಡಿಸಿಕೊಳ್ಳಲು ಏನೂ ಇರುವುದಿಲ್ಲ.

ನಮ್ಮದು 32.2. ಅದರಲ್ಲಿ 12 ಕಳೆದರೆ 20.2 ಜಿಬಿ ಬಳಕೆದಾರನ ವಿಭಾಗದೊಳಗೇ ಎಲ್ಲೋ ಇದೆ, ಯಾವ ಖಾತೆಗೂ ಸೇರಿಲ್ಲ. ಬೇಟೆ ಇನ್ನು ಅದಕ್ಕೆ.

ಹೆಜ್ಜೆ 2: ಮರುಚಾಲನೆ, ಮತ್ತು ಒಂದು ರಾತ್ರಿಯ ಕಾಯುವಿಕೆ

‘ಆಫ್ ಮಾಡಿ ಆನ್ ಮಾಡಿ’ ಎಂಬುದು ಎಲ್ಲ ರೋಗಕ್ಕೂ ಕೊಡುವ ಕಷಾಯದಂತೆ ಕೇಳಿಸುತ್ತದೆ, ಗೊತ್ತು. ಇಲ್ಲಿ ಅದಕ್ಕೆ ನಿರ್ದಿಷ್ಟ ಕಾರಣಗಳು ಎರಡಿವೆ.

ಒಂದು: ಆಂಡ್ರಾಯ್ಡ್ ಒಳಗೆ ಇರುವುದು ಲಿನಕ್ಸ್. ಲಿನಕ್ಸ್‌ನಲ್ಲಿ ಯಾವುದಾದರೂ ಆ್ಯಪ್ ತೆರೆದಿಟ್ಟುಕೊಂಡಿರುವ ಕಡತವನ್ನು ಅಳಿಸಿದರೆ ಹೆಸರು ಮಾಯವಾಗುತ್ತದೆ, ಜಾಗ ಮಾತ್ರ ಆ ಆ್ಯಪ್ ಕಡತವನ್ನು ಕೈಬಿಡುವವರೆಗೂ ಬಿಡುಗಡೆಯಾಗುವುದಿಲ್ಲ. ಹೆಸರಿಲ್ಲದ ಕಡತವನ್ನು ಯಾವ ಸಾಲಿಗೆ ಸೇರಿಸುವುದು? ಸಿಸ್ಟಂಗೆ. ಮರುಚಾಲನೆಯಲ್ಲಿ ಎಲ್ಲ ಆ್ಯಪ್‌ಗಳೂ ಕೈಬಿಡಲೇಬೇಕಾಗುತ್ತದೆ. ಮಾವನ ಫೋನ್ ತಿಂಗಳಿಂದ ಆಫ್ ಆಗಿರಲಿಲ್ಲ. ಮರುಚಾಲನೆ ಮಾಡಿದ ಕೂಡಲೇ ಸಿಸ್ಟಂ 32.2ರಿಂದ 31.3ಕ್ಕೆ ಇಳಿಯಿತು, ಖಾಲಿ ಜಾಗ 2.8ರಿಂದ 3.7ಕ್ಕೆ ಏರಿತು.

ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯದ್ದು. "ಅಪ್‌ಡೇಟ್ ಬಂದಿದೆ, ಈಗ ರೀಸ್ಟಾರ್ಟ್ ಮಾಡಿ ಅಂತ ದಿನವೂ ಕೇಳುತ್ತಿತ್ತು. ಸೀಸನ್ ಮುಗಿಯಲಿ ಅಂತ ಆಮೇಲೆ, ಆಮೇಲೆ ಎಂದು ಒತ್ತುತ್ತಿದ್ದೆ" ಎಂದರು ಮಾವ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದೀಚೆಗೆ ಹಲವು ಫೋನ್‌ಗಳು ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ನೇರವಾಗಿ ಬರೆಯುವುದಿಲ್ಲ. ಬದಲಾಗಬೇಕಾದ ಭಾಗಗಳನ್ನು ಬಳಕೆದಾರನ ವಿಭಾಗದಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತವೆ. ಮರುಚಾಲನೆಯಾಗಿ ಹೊಸ ಆವೃತ್ತಿ ಸರಿಯಾಗಿ ಎದ್ದಿತು ಎಂದು ಖಾತ್ರಿಯಾದ ಮೇಲೆ ಅವನ್ನು ತಂತ್ರಾಂಶದ ವಿಭಾಗಕ್ಕೆ ಬೆರೆಸಿ, ತಾತ್ಕಾಲಿಕ ಜಾಗವನ್ನು ಬಿಟ್ಟುಕೊಡುತ್ತವೆ. ಅಪ್‌ಡೇಟ್ ನಡುವೆ ಕೆಟ್ಟರೆ ಹಳೆಯದಕ್ಕೆ ಹಿಂದಿರುಗಲು ಈ ಏರ್ಪಾಡು. ಬಳಕೆದಾರ ಮರುಚಾಲನೆಯನ್ನು ಮುಂದೂಡುತ್ತಲೇ ಹೋದರೆ ಆ ಗಂಟು ವಾರಗಟ್ಟಲೆ ಅಲ್ಲಿಯೇ ಕೂತಿರುತ್ತದೆ.

ಬೆರೆಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಆದ್ದರಿಂದ ಮರುಚಾಲನೆಯಾದ ಐದು ನಿಮಿಷಕ್ಕೆ ಪರದೆ ನೋಡಿ ನಿರಾಶರಾಗಬೇಡಿ. ಚಾರ್ಜಿಗೆ ಹಾಕಿ ಮಲಗಿ, ಬೆಳಿಗ್ಗೆ ನೋಡಿ. ಬೆಳಿಗ್ಗೆ ಮಾವನ ಸಿಸ್ಟಂ 28.4 ಆಗಿತ್ತು. ರಾತ್ರಿಯಿಡೀ ಬಿಡುಗಡೆಯಾದದ್ದು 2.9 ಜಿಬಿ, ಅಳಿಸಿದ್ದು ಏನೂ ಇಲ್ಲ.

ಹೆಜ್ಜೆ 3: ಸಾಲ ಕೊಟ್ಟ ರ್‍ಯಾಮ್

ಕಡಿಮೆ ಬೆಲೆಯ ಫೋನ್‌ಗಳ ಜಾಹೀರಾತಿನಲ್ಲಿ ‘4 + 4 ಜಿಬಿ ರ್‍ಯಾಮ್’ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಎರಡನೆಯ ನಾಲ್ಕು ಎಲ್ಲಿಂದ ಬಂತು? ನಿಮ್ಮ ಸ್ಟೋರೇಜಿನಿಂದ. ರ್‍ಯಾಮ್ ತುಂಬಿದಾಗ ಒಂದಿಷ್ಟನ್ನು ಸಂಗ್ರಹದ ಚಿಪ್ಪಿಗೆ ಸರಿಸಿಡಲು ಫೋನ್ ಅಷ್ಟು ಗಾತ್ರದ ಕಡತವನ್ನು ಮೊದಲೇ ಕಾದಿರಿಸಿಕೊಂಡಿರುತ್ತದೆ. ಅದು ಚಿತ್ರವಲ್ಲ, ವಿಡಿಯೊ ಅಲ್ಲ, ಆ್ಯಪ್ ಅಲ್ಲ.

ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘RAM’ ಅಥವಾ ‘memory’ ಎಂದು ಬರೆದರೆ ಈ ಆಯ್ಕೆ ಸಿಗುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ರ್‍ಯಾಮ್ ಪ್ಲಸ್, ಮೆಮೊರಿ ಎಕ್ಸ್‌ಟೆನ್ಷನ್, ರ್‍ಯಾಮ್ ಎಕ್ಸ್‌ಪ್ಯಾನ್ಷನ್. ಮಾವನ ಫೋನಿನಲ್ಲಿ ಅದು 4 ಜಿಬಿಗೆ ಹಾಕಿತ್ತು, ಅಂಗಡಿಯಿಂದ ಬಂದಾಗಿನಿಂದಲೂ ಹಾಗೆಯೇ. ಅದನ್ನು ಆಫ್ ಮಾಡಿ ಮರುಚಾಲನೆ ಮಾಡಿದೆವು. ಸಿಸ್ಟಂ 28.4ರಿಂದ 24.1ಕ್ಕೆ ಬಂತು. ನಾಲ್ಕರ ಬದಲು 4.3 ಇಳಿದದ್ದೇಕೆ ಎಂದು ಕೇಳಿದರೆ, ರ್‍ಯಾಮ್ ಅಳೆಯುವುದು 1,024ರ ಸೇರಿನಲ್ಲಿ, ಈ ಪರದೆ ಸಾವಿರದ ಸೇರಿನಲ್ಲಿ.

ಆಫ್ ಮಾಡಿದರೆ ಫೋನ್ ನಿಧಾನವಾಗುವುದಿಲ್ಲವೇ? ಒಂದರಿಂದ ಇನ್ನೊಂದು ಆ್ಯಪ್‌ಗೆ ಹಾರಿ ವಾಪಸು ಬಂದಾಗ ಅದು ಮೊದಲಿನಿಂದ ತೆರೆದುಕೊಳ್ಳುವುದು ಕೊಂಚ ಹೆಚ್ಚಬಹುದು. ಆದರೆ ಜಾಗ ತೊಂಬತ್ತೈದು ಭಾಗ ತುಂಬಿರುವ ಫೋನಿಗೆ ಅದಕ್ಕಿಂತ ದೊಡ್ಡ ತೊಂದರೆ ಜಾಗವಿಲ್ಲದ್ದೇ. 128 ಜಿಬಿ ಫೋನಾಗಿದ್ದರೆ ನಾನು ಇದನ್ನು ಮುಟ್ಟುತ್ತಲೇ ಇರಲಿಲ್ಲ.

ಹೆಜ್ಜೆ 4: ಮನೆಯೊಳಗಿನ ಇನ್ನೊಂದು ಮನೆ

24.1ರಲ್ಲಿ 12 ಕಳೆದರೆ ಇನ್ನೂ 12.1 ಉಳಿದಿತ್ತು. ದೊಡ್ಡ ಮೀನು ಇನ್ನೂ ನೀರಿನಲ್ಲಿತ್ತು.

ಮಾವನ ಬಳಿ ಎರಡು ಸಿಮ್, ಎರಡು ವಾಟ್ಸ್‌ಆ್ಯಪ್. ಒಂದು ಮನೆಯವರಿಗೆ, ಇನ್ನೊಂದು ಮಂಡಿಗೆ. ಎರಡನೆಯದು ಫೋನಿನ ‘ಡ್ಯುಯಲ್ ಆ್ಯಪ್’ ಸೌಲಭ್ಯದಿಂದ ಮಾಡಿದ ಅವಳಿ, ಐಕಾನಿನ ಮೂಲೆಯಲ್ಲಿ ಪುಟ್ಟ ಗುರುತು ಇರುತ್ತದಲ್ಲ, ಅದು. ಈ ಅವಳಿಯನ್ನು ನಡೆಸಲು ಹಲವು ಫೋನ್‌ಗಳು ಒಳಗೊಳಗೇ ಎರಡನೆಯ ಬಳಕೆದಾರನನ್ನು ಸೃಷ್ಟಿಸುತ್ತವೆ. ಕೇಬಲ್ ಇನ್ನೂ ಸಿಕ್ಕಿಸಿಯೇ ಇದ್ದುದರಿಂದ ನೋಡಿಯೇಬಿಟ್ಟೆವು:

```
adb shell pm list users
```

ಉತ್ತರದಲ್ಲಿ `UserInfo{0:` ಎಂದು ಶುರುವಾಗುವ ಸಾಲು ಫೋನಿನ ಯಜಮಾನನದು. ಅದರ ಕೆಳಗೆ `UserInfo{999:` ಎಂದು ಇನ್ನೊಂದು ಸಾಲಿತ್ತು. 0 ಅಲ್ಲದ ಯಾವ ಸಂಖ್ಯೆ ಕಂಡರೂ ಅದು ಫೋನಿನೊಳಗಿನ ಇನ್ನೊಂದು ಮನೆ. ಅದು ಅವಳಿ ಆ್ಯಪ್ ಇರಬಹುದು, ಬೀಗ ಹಾಕಿದ ಗುಪ್ತ ಫೋಲ್ಡರ್ ಇರಬಹುದು, ‘ಎರಡನೇ ಸ್ಥಳ’ ಇರಬಹುದು, ಮಕ್ಕಳಿಗೆಂದು ಮಾಡಿಟ್ಟು ಮರೆತ ಖಾತೆಯೂ ಇರಬಹುದು. ಕಂಪ್ಯೂಟರ್ ಇಲ್ಲದವರು ಸೆಟ್ಟಿಂಗ್ಸ್‌ನಲ್ಲಿ ಡ್ಯುಯಲ್ ಆ್ಯಪ್, ಬಹು ಬಳಕೆದಾರರು ಎಂಬ ಪುಟಗಳನ್ನು ತೆರೆದು ನೋಡಿದರೆ ಸಾಕು.

ಆ ಮನೆಯ ಸಾಮಾನು ಈ ಮನೆಯ ಪಟ್ಟಿಯಲ್ಲಿ ಬರುವುದಿಲ್ಲ, ತೊಡಕಿರುವುದು ಇಲ್ಲಿಯೇ. ಮಾವನ ಫೋನಿನ ಸ್ಟೋರೇಜ್ ಪರದೆ ಯಜಮಾನನ ಚಿತ್ರ, ವಿಡಿಯೊಗಳನ್ನು ಮಾತ್ರ ಎಣಿಸುತ್ತಿತ್ತು. ಆದರೆ ಒಟ್ಟು ಬಳಕೆಯಲ್ಲಿ ಎರಡೂ ಮನೆಗಳದ್ದು ಸೇರಿರುತ್ತದೆ. ವ್ಯತ್ಯಾಸ ನೇರವಾಗಿ ಸಿಸ್ಟಂಗೆ. ಕೆಲವು ಫೋನ್‌ಗಳು ಇದನ್ನು ಬೇರೆ ಸಾಲಾಗಿ ತೋರಿಸುವ ಸೌಜನ್ಯ ಇಟ್ಟುಕೊಂಡಿವೆ. ಮಾವನದು ಇಟ್ಟುಕೊಂಡಿರಲಿಲ್ಲ. ಅಂಗಡಿಯ ಹುಡುಗ ಗ್ಯಾಲರಿಯಲ್ಲಿ ಎಷ್ಟು ಅಳಿಸಿದರೂ ಜಾಗ ಮತ್ತೆ ತುಂಬುತ್ತಿದ್ದುದು ಇದಕ್ಕೇ: ಅವನು ಅಳಿಸುತ್ತಿದ್ದದ್ದು ಒಂದು ಮನೆಯಲ್ಲಿ, ತುಂಬುತ್ತಿದ್ದದ್ದು ಇನ್ನೊಂದರಲ್ಲಿ.

ಎಷ್ಟಿದೆ ಎಂದು ತಿಳಿಯಲು ಆ ಮನೆಯೊಳಗೇ ಹೋಗಬೇಕು. ಅವಳಿ ವಾಟ್ಸ್‌ಆ್ಯಪ್ ತೆರೆದು, ಅದರ ಸೆಟ್ಟಿಂಗ್ಸ್, ಸ್ಟೋರೇಜ್ ಮತ್ತು ಡೇಟಾ, ಮ್ಯಾನೇಜ್ ಸ್ಟೋರೇಜ್ ಎಂದು ಹೋದರೆ ಯಾವ ಗುಂಪಿನದು ಎಷ್ಟು ಎಂದು ಇಳಿಕೆಯ ಕ್ರಮದಲ್ಲಿ ಬರುತ್ತದೆ. ಅಲ್ಲಿತ್ತು 10.4 ಜಿಬಿ. ಜೋಳದ ರಾಶಿಯ ವಿಡಿಯೊಗಳು, ತೇವಾಂಶ ಅಳೆಯುವ ಯಂತ್ರದ ಚಿತ್ರಗಳು, ಮೂರು ವರ್ಷಗಳ ತೂಕದ ಚೀಟಿಗಳು, ಮತ್ತು ಪ್ರತಿ ಗುಂಪಿನಲ್ಲೂ ಬೆಳಗಿನ ಶುಭಾಶಯದ ವಿಡಿಯೊಗಳು. ವ್ಯಾಪಾರದ ಗುಂಪಿನಲ್ಲಿ ದೇವರ ವಿಡಿಯೊಗಳೇ ಜೋಳಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು ಎಂಬುದನ್ನು ಮಾವ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತಾಯಿತು.

ಇಲ್ಲಿ ಆತುರ ಬೇಡ. ಡ್ಯುಯಲ್ ಆ್ಯಪ್ ಸ್ವಿಚ್ಚನ್ನು ಆರಿಸಿದರೆ ಹತ್ತೂ ಜಿಬಿ ಒಂದೇ ಏಟಿಗೆ ಖಾಲಿಯಾಗುತ್ತದೆ, ಜೊತೆಗೆ ಆ ಸಂಖ್ಯೆಯ ಮಾತುಕತೆಗಳೆಲ್ಲ ಹೋಗುತ್ತವೆ. ಯಾರಿಗೆ ಎಷ್ಟು ಕ್ವಿಂಟಲ್, ಯಾವ ದರ ಎಂಬ ಪುರಾವೆಗಳೂ ಅದರಲ್ಲೇ ಇರುತ್ತವೆ. ನಾವು ಮಾಡಿದ್ದು ಹೀಗೆ: ಮೊದಲು ಅವಳಿಯ ಒಳಗಿನಿಂದಲೇ ಚಾಟ್ ಬ್ಯಾಕಪ್ ತೆಗೆದುಕೊಂಡೆವು. ಮಾವನಿಗೆ ಬೇಕಾದ ಹಳೆಯ ಚೀಟಿಗಳನ್ನು ಆರಿಸಿ ಅವರ ಮನೆಯ ಸಂಖ್ಯೆಗೆ ಕಳಿಸಲಿಲ್ಲ, ಹಾಗೆ ಮಾಡಿದರೆ ಅದೇ ಭಾರ ಇನ್ನೊಂದು ವಾಟ್ಸ್‌ಆ್ಯಪ್‌ಗೆ ಹೋಗಿ ಕೂರುತ್ತದೆ. ಅವನ್ನು ಅವರ ಲೆಕ್ಕದ ಕಂಪ್ಯೂಟರಿಗೆ ಇಳಿಸಿದೆವು. ಆಮೇಲೆ ಮ್ಯಾನೇಜ್ ಸ್ಟೋರೇಜ್ ಪುಟದ ಮೇಲ್ಭಾಗದಲ್ಲಿರುವ ‘ಹಲವು ಬಾರಿ ಫಾರ್ವರ್ಡ್ ಆದದ್ದು’ ಮತ್ತು ‘5 ಎಂಬಿಗಿಂತ ದೊಡ್ಡದು’ ಎಂಬ ಎರಡು ಗುಂಪುಗಳಿಂದ ಅಳಿಸಲು ಶುರು ಮಾಡಿದೆವು. ಈ ಸುಗ್ಗಿಯ ಚೀಟಿಗಳನ್ನು ಉಳಿಸಿಕೊಂಡು 8.4 ಜಿಬಿ ತೆಗೆದಾಗ ಸಿಸ್ಟಂ 15.7ಕ್ಕೆ ಬಂತು.

ಅವಳಿಯಲ್ಲಿ ಮೀಡಿಯಾ ತಾನಾಗಿ ಇಳಿಯುವುದನ್ನು ಪ್ರತ್ಯೇಕವಾಗಿ ಆರಿಸಬೇಕು. ಮೊದಲ ವಾಟ್ಸ್‌ಆ್ಯಪ್‌ನಲ್ಲಿ ಆರಿಸಿದ್ದು ಇದಕ್ಕೆ ಅನ್ವಯಿಸುವುದಿಲ್ಲ. ಮಾವ ಮನೆಯದರಲ್ಲಿ ಎಂದೋ ಆರಿಸಿದ್ದರು, ಮಂಡಿಯದರಲ್ಲಿ ಹಗಲಿರುಳೂ ಇಳಿಯುತ್ತಲೇ ಇತ್ತು.

ಲೆಕ್ಕ ತಾಳೆ

ಮಾವ ಚೀಟಿಯನ್ನು ಹೊರತೆಗೆದು ತಾವೇ ಕೂಡಿಸಿದರು. ಮರುಚಾಲನೆಯಿಂದ 0.9, ಅಪ್‌ಡೇಟಿನ ಗಂಟಿನಿಂದ 2.9, ರ್‍ಯಾಮ್‌ನಿಂದ 4.3, ಅವಳಿಯಿಂದ 8.4. ಒಟ್ಟು 16.5. ಖಾಲಿ ಜಾಗ 2.8 ಇದ್ದದ್ದು 19.3 ಆಗಿತ್ತು, ಅಂದರೆ ಅದೂ 16.5ರಷ್ಟೇ ಏರಿತ್ತು. ಎರಡೂ ಕಡೆ ಒಂದೇ ಮೊತ್ತ ಬಂದದ್ದರಿಂದ ಏನೂ ಬರೀ ಸಾಲು ಬದಲಿಸಿಲ್ಲ, ನಿಜವಾಗಿ ಹೋಗಿದೆ ಎಂದು ಗೊತ್ತಾಯಿತು.

ಉಳಿದ 15.7ರಲ್ಲಿ 12.0 ಕಾರ್ಖಾನೆಯದು, 2.0 ಅವಳಿಯಲ್ಲಿ ಉಳಿಸಿಕೊಂಡದ್ದು. ಇನ್ನು 1.7 ಏನು? ಫೋನಿನ ಒಳಗಿನ ದಾಖಲೆಗಳು, ದೋಷದ ವರದಿಗಳು, ಕಡತ ವ್ಯವಸ್ಥೆಯದೇ ಲೆಕ್ಕಪತ್ರ. ಕಂಪನಿ ಹಾಕಿದ ಬೀಗ ಮುರಿದು ಪೂರ್ತಿ ಅಧಿಕಾರ ಪಡೆಯದ, ಅಂದರೆ ರೂಟ್ ಮಾಡದ ಫೋನಿನಲ್ಲಿ ಅದರೊಳಗೆ ಇಣುಕಲು ದಾರಿಯಿಲ್ಲ. ಒಂದೆರಡು ಜಿಬಿಗಾಗಿ ರೂಟ್ ಮಾಡುವುದು ಹುಚ್ಚುತನ, ಬ್ಯಾಂಕ್ ಆ್ಯಪ್‌ಗಳು ಕಾಯಂ ಆಗಿ ಬಾಗಿಲು ಮುಚ್ಚಿಬಿಡಬಹುದು.

ಇಷ್ಟು ಮಾಡಿದರೂ ಇಳಿಯದಿದ್ದರೆ

ಮೂರು ದಿನ ಒಂದೇ ಹೊತ್ತಿಗೆ ಖಾಲಿ ಜಾಗವನ್ನು ಬರೆದಿಡಿ. ಅಂಕಿ ನಿಂತಲ್ಲೇ ನಿಂತಿದ್ದರೆ ಆತಂಕವಿಲ್ಲ. ಹೊಸದೇನೂ ಹಾಕದೆ ದಿನಕ್ಕೆ ನೂರಾರು ಎಂಬಿ ಕರಗುತ್ತಿದ್ದರೆ ಫೋನ್ ಏನನ್ನೋ ಬರೆಯುತ್ತಲೇ ಇದೆ. ರಿಪೇರಿಗೆ ಕೊಟ್ಟು ವಾಪಸು ತಂದ ಫೋನಿನಲ್ಲಿ ಇದನ್ನು ಒಮ್ಮೆ ಕಂಡಿದ್ದೇನೆ. ಪರೀಕ್ಷೆಗೆಂದು ಚಾಲೂ ಮಾಡಿದ ಲಾಗ್ ಬರೆಯುವ ಸೌಲಭ್ಯವನ್ನು ಆರಿಸಲು ಮರೆತಿದ್ದರು. ಮೀಡಿಯಾಟೆಕ್ ಚಿಪ್ಪಿನ ಹಳೆಯ ಫೋನ್‌ಗಳಲ್ಲಿ ಈ ಕಡತಗಳು `mtklog` ಎಂಬ ಫೋಲ್ಡರಿನಲ್ಲಿ ಕಾಣುತ್ತವೆ, ಅಳಿಸಬಹುದು. ಹೊಸದರಲ್ಲಿ ಫೈಲ್ ಮ್ಯಾನೇಜರಿಗೆ ಕಾಣದ ಜಾಗದಲ್ಲಿದ್ದರೆ ರಿಪೇರಿ ಮಾಡಿದವರ ಬಳಿಗೇ ಹೋಗಿ ಆರಿಸಿಕೊಡಲು ಹೇಳಿ.

ಕಸ ಗುಡಿಸುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಸಾಮಾನ್ಯ ಆ್ಯಪ್ ಒಂದಕ್ಕೆ ಇನ್ನೊಬ್ಬ ಬಳಕೆದಾರನ ಮನೆಗಾಗಲಿ, ಅಪ್‌ಡೇಟಿನ ಗಂಟಿಗಾಗಲಿ, ರ್‍ಯಾಮ್ ಕಡತಕ್ಕಾಗಲಿ ಪ್ರವೇಶವೇ ಇಲ್ಲ. ಮೇಲಿನ 16.5ರಲ್ಲಿ ಒಂದು ಎಂಬಿಯನ್ನೂ ಅವು ಮುಟ್ಟಲಾರವು, ತಾವೇ ಒಂದಿಷ್ಟು ಜಾಗ ಹಿಡಿಯುತ್ತವೆ.

ಫೋನನ್ನು ಪೂರ್ತಿ ಅಳಿಸಿ ಹೊಸದಾಗಿಸುವುದು ಕೊನೆಯ ಮಾರ್ಗ. ಕೈಗೆ ಸಿಗದ ಪಾಲು, ಅವಳಿಯ ಪಾಲು ಎರಡನ್ನೂ ಕಳೆದ ಮೇಲೂ ಐದಾರು ಜಿಬಿಗಿಂತ ಹೆಚ್ಚು ಅನಾಮಧೇಯವಾಗಿ ಉಳಿದು, ಏರುತ್ತಲೂ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ. ಹೆಜ್ಜೆ 1ರ ಲೆಕ್ಕ ಮಾಡದೆ ಹೊಸದಾಗಿಸಿದವರು ಮತ್ತೆ ಅದೇ 12 ಜಿಬಿ ಕಂಡು ಬೇಸರಪಡುತ್ತಾರೆ.

ಐಫೋನಿನಲ್ಲಿ ಈ ಸಾಲಿನ ಹೆಸರು ‘ಸಿಸ್ಟಂ ಡೇಟಾ’, 2021ರ ಐಒಎಸ್ 15ಕ್ಕೆ ಮುಂಚೆ ‘ಇತರೆ’ ಎಂದಿತ್ತು. ಅಲ್ಲಿ ಅವಳಿ ಆ್ಯಪ್ ಇಲ್ಲ, ರ್‍ಯಾಮ್ ಸಾಲವೂ ಇಲ್ಲ. ಉಬ್ಬಿಸುವುದು ಹೆಚ್ಚಾಗಿ ತಾತ್ಕಾಲಿಕವಾಗಿ ಇಟ್ಟುಕೊಂಡ ಕ್ಯಾಶ್ ಕಡತಗಳು, ಲಾಗ್‌ಗಳು ಮತ್ತು ವಿಡಿಯೊ ಹರಿಯುವಾಗ ಇಟ್ಟುಕೊಂಡ ತುಣುಕುಗಳು. ಪರದೆ ತೆರೆದು ಲೆಕ್ಕ ಮುಗಿಯಲು ಕೆಲವು ನಿಮಿಷ ಬಿಡಿ, ಮೊದಲು ತೋರಿಸುವ ಅಂಕಿ ಆಮೇಲೆ ಬದಲಾಗುತ್ತದೆ. ಅದೇ ಪಟ್ಟಿಯಲ್ಲಿ ಇಳಿಸಿಟ್ಟ ಐಒಎಸ್ ಅಪ್‌ಡೇಟ್ ಪ್ರತ್ಯೇಕ ಸಾಲಾಗಿ ಕಂಡರೆ ಅದನ್ನು ಹಾಕಿಕೊಳ್ಳಿ ಅಥವಾ ಅಳಿಸಿ. ಆಮೇಲೆ ಮರುಚಾಲನೆ ಮಾಡಿ ನೋಡಿ.

ಮೂರು ವಾರ ಬಿಟ್ಟು ಎಪಿಎಂಸಿ ಕಡೆ ಹೋದಾಗ ಮಾವನ ಫೋನ್ ಇಸಿದುಕೊಂಡು ನೋಡಿದೆ. ಸಿಸ್ಟಂ 15.9. ಏರಿದ 0.2 ಯಾವುದೆಂದು ಅವಳಿಯೊಳಗೆ ನೋಡಿದರೆ, ಅದೆಲ್ಲ ಈ ಸುಗ್ಗಿಯ ತೂಕದ ಚೀಟಿಗಳು.